ನಿಮ್ಮ ಎಕ್ಸೆಲ್ ಲೆಕ್ಕ ಸರಿ, ಬ್ಯಾಂಕಿನ ಲೆಕ್ಕವೂ ಸರಿ

ಸಾಲ ತೆಗೆದುಕೊಂಡವರು ಸ್ಟೇಟ್‌ಮೆಂಟ್ ಮತ್ತು ತಮ್ಮದೇ ಎಕ್ಸೆಲ್ ಹಾಳೆ ಎರಡನ್ನೂ ಹಿಡಿದು ನನ್ನ ಕಚೇರಿಗೆ ಬರುವುದು ಈಗ ಮಾಮೂಲಾಗಿದೆ. ದೂರು ಒಂದೇ: ‘ಸಾರ್, ಬಡ್ಡಿ ತಾಳೆಯಾಗ್ತಿಲ್ಲ.’ ಹೆಚ್ಚಿನ ಸಲ ಇಬ್ಬರ ಲೆಕ್ಕವೂ ಸರಿಯಾಗಿಯೇ ಇರುತ್ತದೆ. ನೀವು ಎಣಿಸಿದ್ದು ತಿಂಗಳು, ಬ್ಯಾಂಕು ಎಣಿಸಿದ್ದು ದಿನ.

ಒಂದು ಉದಾಹರಣೆ ನೋಡೋಣ. 5 ಲಕ್ಷ ರೂಪಾಯಿ ವೈಯಕ್ತಿಕ ಸಾಲ, ಬಡ್ಡಿ ಶೇ 12, ಅವಧಿ 36 ತಿಂಗಳು. ಎಕ್ಸೆಲ್‌ನಲ್ಲಿ ಹೀಗೆ ಬರೆದರೆ ಕಂತು ಸಿಗುತ್ತದೆ:

```
=PMT(12%/12,36,-500000)
```

ಉತ್ತರ 16,607 ರೂಪಾಯಿ 15 ಪೈಸೆ. ಬ್ಯಾಂಕು ಪೈಸೆ ಬಿಟ್ಟು ಮೇಲಿನ ರೂಪಾಯಿಗೆ ಏರಿಸಿ 16,608 ಎಂದು ನಿಗದಿ ಮಾಡಿತು ಎಂದುಕೊಳ್ಳಿ. ತಿಂಗಳಿಗೆ 85 ಪೈಸೆ ಹೆಚ್ಚು ಹೋಗುತ್ತದೆ. ಆದರೆ ಅದು ಬ್ಯಾಂಕಿನ ಜೇಬಿಗೆ ಹೋಗುವುದಿಲ್ಲ, ಅಸಲಿಗೆ ಜಮೆಯಾಗುತ್ತದೆ. ಅಷ್ಟರ ಮಟ್ಟಿಗೆ ಮುಂದಿನ ಬಡ್ಡಿಯೂ ಇಳಿಯುತ್ತದೆ. ಉಳಿದೆಲ್ಲ ಲೆಕ್ಕ ಒಂದೇ ಆಗಿದ್ದರೆ ಮೂರು ವರ್ಷದಲ್ಲಿ ಇದು ಸುಮಾರು 36 ರೂಪಾಯಿ ಆಗಿ, ಕೊನೆಯ ಕಂತು 16,572ರ ಆಸುಪಾಸಿಗೆ ಬರುತ್ತದೆ. ಕೊನೆಯ ಕಂತು ಮಾತ್ರ ಬೇರೆ ಇರುವುದು ಏಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ. ಪೈಸೆಯ ಕಥೆ ಇಲ್ಲಿಗೆ ಮುಗಿಯಿತು, ಅದರ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳಬೇಡಿ.

ದಿನಗಳದ್ದು ಹಾಗಲ್ಲ, ಅಲ್ಲಿ ನೂರಾರು ರೂಪಾಯಿ ಆಚೀಚೆ ಆಗುತ್ತದೆ. ಇದೇ ಸಾಲ 2025ರ ಜನವರಿ 18ರಂದು ಖಾತೆಗೆ ಬಂತು, ಕಂತಿನ ದಿನ ಪ್ರತಿ ತಿಂಗಳ 5 ಎಂದಿಟ್ಟುಕೊಳ್ಳಿ. ಜನವರಿ 18ರಿಂದ ಫೆಬ್ರವರಿ 5ರವರೆಗಿನ 18 ದಿನ ಯಾವ ಕಂತಿಗೂ ಸೇರುವುದಿಲ್ಲ. ಅದಕ್ಕೆ ಬಡ್ಡಿ ಪ್ರತ್ಯೇಕ: ವರ್ಷದ ಬಡ್ಡಿ 60,000, ಅದನ್ನು 365ರಿಂದ ಭಾಗಿಸಿ 18ರಿಂದ ಗುಣಿಸಿದರೆ 2,959 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಇದು ಬ್ರೋಕನ್ ಪೀರಿಯಡ್ ಬಡ್ಡಿ ಎಂದೋ ಪ್ರಿ-ಇಎಂಐ ಎಂದೋ ಕಾಣಿಸುತ್ತದೆ. ಕೆಲವರು ಸಾಲದ ಮೊತ್ತದಲ್ಲೇ ಮುರಿದುಕೊಂಡು ಕೊಡುತ್ತಾರೆ. ನಿಮ್ಮ ಹಾಳೆಯಲ್ಲಿ ಇದಕ್ಕೆ ಸಾಲೇ ಇರುವುದಿಲ್ಲ.

ಮೊದಲ ಕಂತು ಮಾರ್ಚ್ 5ಕ್ಕೆ. ಫೆಬ್ರವರಿ 5ರಿಂದ ಅಲ್ಲಿಗೆ 28 ದಿನ. ನಿಮ್ಮ ಹಾಳೆ ವರ್ಷವನ್ನು ಹನ್ನೆರಡು ಸಮಪಾಲು ಮಾಡಿ 5,000 ಬಡ್ಡಿ ತೋರಿಸುತ್ತದೆ. ದಿನದ ಲೆಕ್ಕ ಹಿಡಿಯುವ ಬ್ಯಾಂಕು 4,603 ಹಾಕುತ್ತದೆ. ಅಂದರೆ ಅಸಲಿಗೆ 397 ರೂಪಾಯಿ ಹೆಚ್ಚು ಜಮೆ. ಮುಂದಿನ ತಿಂಗಳು 31 ದಿನ, ಬಾಕಿ 4,87,995. ಬ್ಯಾಂಕಿನ ಬಡ್ಡಿ 4,974, ನಿಮ್ಮ ಹಾಳೆಯಲ್ಲಿ 4,884. ಈ ಸಲ ನಿಮಗೆ 90 ರೂಪಾಯಿ ಹೊರೆ. ಫೆಬ್ರವರಿಯಲ್ಲಿ ಸಿಕ್ಕ ಲಾಭವನ್ನು ಯಾರೂ ದೂರು ಹೇಳಿಕೊಂಡು ಬರುವುದಿಲ್ಲ, ಏಪ್ರಿಲ್ ಸ್ಟೇಟ್‌ಮೆಂಟ್ ಬಂದಾಗಲೇ ಫೋನ್ ಮಾಡುವುದು!

ನಿಮ್ಮ ಬ್ಯಾಂಕು ಯಾವ ಪದ್ಧತಿ ಹಿಡಿದಿದೆ ಎಂದು ನೀವೇ ಪತ್ತೆ ಮಾಡಬಹುದು. ಒಂದು ತಿಂಗಳ ಬಡ್ಡಿಯನ್ನು, ಆ ತಿಂಗಳ ಆರಂಭದ ಬಾಕಿಗೆ ಬರುವ ಇಡೀ ವರ್ಷದ ಬಡ್ಡಿಯಿಂದ ಭಾಗಿಸಿ. ಪ್ರತಿ ತಿಂಗಳೂ 0.0833 ಬಂದರೆ ತಿಂಗಳ ಲೆಕ್ಕ. ಬಂದ ಸಂಖ್ಯೆಯನ್ನು 365ರಿಂದ ಗುಣಿಸಿದಾಗ 28, 30, 31 ಎಂದು ನಿಜವಾದ ದಿನಗಳೇ ಸಿಕ್ಕರೆ ದಿನದ ಲೆಕ್ಕ. ಮೇಲಿನ ಮೊದಲ ಕಂತಿನಲ್ಲಿ 4,603 ಭಾಗಿಸು 60,000 ಅಂದರೆ 0.0767, ಗುಣಿಸಿದರೆ 28. 365ರಿಂದ ದಿನ ಕೂಡಿಬರದೆ 360ರಿಂದ ಗುಣಿಸಿದಾಗ ಕೂಡಿಬಂದರೆ ಸ್ವಲ್ಪ ಎಚ್ಚರ. ವರ್ಷಕ್ಕೆ 365 ದಿನದ ಬಡ್ಡಿ ವಸೂಲಿ ಮಾಡಿ 360ರಿಂದ ಭಾಗಿಸಿದರೆ ಶೇ 12 ಎಂದು ಹೇಳಿದ ದರ ನಿಜದಲ್ಲಿ ಶೇ 12.17 ಆಗುತ್ತದೆ. ಇಳಿಯದ 5 ಲಕ್ಷದ ಬಾಕಿಯ ಮೇಲೆ ವರ್ಷಕ್ಕೆ 833 ರೂಪಾಯಿ ಹೆಚ್ಚು. ಒಪ್ಪಂದದಲ್ಲಿ ಹಾಗೆ ಬರೆದಿದೆಯೇ ನೋಡಿ.

2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಕೊಡುವುದು ಕಡ್ಡಾಯ, ಅದರ ಜೊತೆ ಕಂತಿನ ಪಟ್ಟಿಯೂ ಇರಬೇಕು. ತಾಳೆ ನೋಡುವುದಿದ್ದರೆ ನಿಮ್ಮ ಎಕ್ಸೆಲ್ ಬದಲು ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ನಾನು ಮೊದಲು ನೋಡುವುದು ಕಂತನ್ನಲ್ಲ, ಬಡ್ಡಿ ಶುರುವಾದ ತಾರೀಕನ್ನು. ಚೆಕ್ಕಿನ ಮೇಲೆ ಜನವರಿ 18 ಎಂದಿದ್ದು, ಅದು ನಿಮ್ಮ ಕೈಗೆ ಬಂದದ್ದು 21ಕ್ಕಾದರೆ, ನಡುವಿನ ಮೂರು ದಿನದ ಬಡ್ಡಿ 493 ರೂಪಾಯಿ. ಇದು ಪೈಸೆ ಏರಿಸಿದ್ದರಿಂದಲೋ ದಿನ ಎಣಿಸುವ ಪದ್ಧತಿಯಿಂದಲೋ ಬಂದ ವ್ಯತ್ಯಾಸವಲ್ಲ. ಚೆಕ್ಕಿನ ತಾರೀಕಿನಿಂದಲೋ ಸಾಲ ಮಂಜೂರಾದ ದಿನದಿಂದಲೋ ಬಡ್ಡಿ ಹಾಕುವುದು ನ್ಯಾಯವಲ್ಲ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಹೇಳಿದೆ. ತನ್ನ ತಪಾಸಣೆಯಲ್ಲಿ ಸಿಕ್ಕಲ್ಲೆಲ್ಲ ಹೆಚ್ಚುವರಿ ಬಡ್ಡಿಯನ್ನು ವಾಪಸ್ ಕೊಡಲು ಸೂಚಿಸಿರುವುದಾಗಿಯೂ ಅದರಲ್ಲಿದೆ. ಶಾಖೆಗೆ ಪತ್ರ ಬರೆಯುವಾಗ ಸುತ್ತೋಲೆಯ ತಾರೀಕನ್ನು ನಮೂದಿಸಿ, ಚೆಕ್ಕು ಪಡೆದ ದಿನದ ರಸೀದಿಯ ನಕಲನ್ನು ಲಗತ್ತಿಸಿ.