ಐವರಲ್ಲಿ ಒಬ್ಬರು ಎಡವಿದರೆ

ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಒಂದನ್ನು ಪರೀಕ್ಷಿಸಲು ಐದು ಜನರನ್ನು ಕರೆಸಿದ್ದೆವು. ಐದೇ ಜನ ಸಾಕಾ ಎಂದು ಮ್ಯಾನೇಜರ್ ಹುಬ್ಬೇರಿಸಿದರು. ಜನ ಸಾಫ್ಟ್‌ವೇರ್ ಬಳಸುವಾಗ ಎಲ್ಲಿ ಎಡವುತ್ತಾರೆ ಎಂದು ಅಧ್ಯಯನ ಮಾಡಿದ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡಾವರ್ 1993ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಒಬ್ಬ ಬಳಕೆದಾರರಿಂದ ಸರಾಸರಿ 31% ತೊಂದರೆಗಳು ಹೊರಬೀಳುತ್ತವೆ. ಐವರನ್ನು ಕೂರಿಸಿದರೆ ಅದು ಸುಮಾರು 85% ಆಗುತ್ತದೆ. ಇದು ಸರಾಸರಿ ಅನ್ನೋದು ನೆನಪಿರಲಿ. ಹತ್ತರಲ್ಲಿ ಒಬ್ಬರನ್ನಷ್ಟೇ ಕಾಡುವ ತೊಂದರೆ ಐವರಲ್ಲಿ ಒಮ್ಮೆಯಾದರೂ ಕಾಣಿಸುವ ಸಾಧ್ಯತೆ ಬರೀ 41%. ಹಾಗಾಗಿ ಹದಿನೈದು ಜನರನ್ನು ಒಟ್ಟಿಗೆ ಕರೆಯುವ ಬದಲು ಐವರನ್ನು ಕರೆದು, ಸರಿಪಡಿಸಿ, ಮತ್ತೆ ಬೇರೆ ಐವರನ್ನು ಕರೆಯುವುದು ನನ್ನ ರೂಢಿ.

'ಲೋವರ್ ಬರ್ತ್ ಆಯ್ಕೆ ಮಾಡಿ' ಅಂತ ಕೆಲಸ ಕೊಟ್ಟರೆ ಉತ್ತರವನ್ನೇ ಹೇಳಿಕೊಟ್ಟ ಹಾಗೆ. ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: "ನಾಳಿದ್ದು ರಾತ್ರಿ ಅಮ್ಮನ ಜೊತೆ ಹುಬ್ಬಳ್ಳಿಗೆ ಹೋಗಬೇಕು. ಅಮ್ಮನಿಗೆ ಮಂಡಿನೋವು."

ಮನಸ್ಸಿನಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡುವುದು ಯಾರಿಗೂ ಅಭ್ಯಾಸವಿರುವುದಿಲ್ಲ. ಮೊದಲು ಫೋನಿನಲ್ಲಿ ಅಲಾರಂ ಇಡಲು ಹೇಳಿ ಎರಡು ನಿಮಿಷ ರೂಢಿ ಮಾಡಿಸುತ್ತೇನೆ. ಆಮೇಲೆ ಕಷ್ಟ ನನ್ನದು, ಬಾಯಿ ಮುಚ್ಚಿಕೊಂಡಿರಬೇಕು. ಐವತ್ತು ದಾಟಿದ ಮೇಡಂ ಒಬ್ಬರು ಸೀಟಿನ ಚಿತ್ರದ ಮುಂದೆ ಸುಮ್ಮನಾದರು. ಸ್ವಲ್ಪ ಹೊತ್ತು ಕಾದು, "ಈಗ ಏನು ಓಡ್ತಿದೆ ಮನಸ್ಸಲ್ಲಿ?" ಅಂದೆ.

"L ಅಂದ್ರೆ ಲೇಡೀಸಾ? ಇದನ್ನ ಒತ್ಲಾ?"

"ನಾನು ಪಕ್ಕದಲ್ಲಿ ಇಲ್ದಿದ್ರೆ ಏನ್ ಮಾಡ್ತಿದ್ರಿ?"

ಒತ್ತಿದರು. 'ಯಾಕೆ ಒತ್ತಿದಿರಿ' ಎಂದು ಆಗ ಕೇಳಲಿಲ್ಲ. ಕೇಳಿದರೆ ಜನ ಕಾರಣ ಕಟ್ಟಲು ಶುರುಮಾಡುತ್ತಾರೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಂಥ ಪ್ರಶ್ನೆಗಳೇನಿದ್ದರೂ ಕೊನೆಗೆ.

ಸಂಜೆ ಪಟ್ಟಿ ಮಾಡಿದೆವು. L, U ಅಕ್ಷರಗಳ ಹತ್ತಿರ ನಾಲ್ವರು ತಡವರಿಸಿದ್ದರು. ಬಟನ್ನಿನ ಬಣ್ಣ ಚೆನ್ನಾಗಿಲ್ಲ ಅಂದವರು ಮೂವರು. ಹಣ ಕಟ್ಟಿದ ಮೇಲೆ ತಿರುಗುತ್ತಲೇ ಇರುವ ಚಕ್ರ ನೋಡಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ಹಣ ಕಟ್ಟಿದವರು ಒಬ್ಬರೇ. ಪುಣ್ಯಕ್ಕೆ ಅದು ನಕಲಿ ಪಾವತಿ.

ತಲೆ ಎಣಿಸಿದ ತಂಡ ಬಣ್ಣವನ್ನು ಎರಡನೇ ಸ್ಥಾನಕ್ಕೆ, ಪಾವತಿಯನ್ನು ಕೊನೆಗೆ ಹಾಕಿತ್ತು. ನಾನು ಪ್ರತಿ ತೊಂದರೆಗೂ 0ಯಿಂದ 4ರವರೆಗೆ ಅಂಕ ಕೊಡುತ್ತೇನೆ. ಎಷ್ಟು ಜನರಿಗೆ ಆಯಿತು ಅನ್ನುವುದರ ಜೊತೆಗೆ, ಆದಾಗ ಏನು ಕಳೆದುಕೊಂಡರು, ಒಮ್ಮೆ ತಿಳಿದ ಮೇಲೂ ಮತ್ತೆ ಎಡವುತ್ತಾರಾ ಎಂದು ನೋಡುತ್ತೇನೆ. ಎರಡು ಸಲ ಹಣ ಹೋಗುವುದಕ್ಕೆ 4. L, U ಗೊಂದಲಕ್ಕೆ 3, ಏಕೆಂದರೆ ಮಂಡಿನೋವಿನ ಅಮ್ಮ ಮೇಲಿನ ಬರ್ತಿಗೆ ಹೋಗಿಬಿಡುತ್ತಾರೆ. ಬಣ್ಣ ಯಾರ ಕೈಯನ್ನೂ ತಡೆದಿರಲಿಲ್ಲ, ಅದಕ್ಕೆ 1.

ಪಾವತಿಯ ಬುಡ ರಿಪೇರಿಗೆ ಎರಡು ವಾರ ಬೇಕು ಎಂದರು ಡೆವಲಪರ್. ಅಲ್ಲಿಯವರೆಗೆ ಚಕ್ರದ ಕೆಳಗೆ 'ಹಣ ಬಂದಿದೆಯೇ ನೋಡುತ್ತಿದ್ದೇವೆ, ಮತ್ತೆ ಕಟ್ಟಬೇಡಿ' ಎಂಬ ಸಾಲು ಅದೇ ದಿನ ಸೇರಿತು. L, U ಜಾಗಕ್ಕೆ 'ಕೆಳಗೆ', 'ಮೇಲೆ' ಬಂತು. ಮುಂದಿನ ಐವರಲ್ಲಿ ಯಾರೂ ಎರಡು ಸಲ ಕಟ್ಟಲಿಲ್ಲ. ಬಣ್ಣದ ದೂರು ಮತ್ತೆ ಬಂತು, ಪಟ್ಟಿಯ ತಳದಲ್ಲೇ ಇದೆ.