ರೇರಾ ಏಜೆಂಟ್ ನೋಂದಣಿ, ವ್ಯಾಲ್ಯೂಯರ್ ನೋಂದಣಿ: ಯಾವುದಕ್ಕೆ ಏನು ಬೇಕು, ಯಾವುದರಿಂದ ಏನು ಮಾಡಬಹುದು

ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಸೈಟು, ಫ್ಲ್ಯಾಟು ವ್ಯವಹಾರಕ್ಕೆ ಇಳಿಯುವವರು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಇವು ಎರಡು ಬೇರೆ ಕಾನೂನುಗಳಿಂದ ಬಂದವು, ನೋಂದಣಿ ಕೊಡುವ ಪ್ರಾಧಿಕಾರಗಳೂ ಬೇರೆ. ಏಜೆಂಟ್‌ಗೆ ವ್ಯವಹಾರ ಕುದುರಿದರೆ ಹಣ. ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯೂಯರ್‌ಗೆ ಅದು ಕುದುರಿದರೂ ಮುರಿದರೂ ಶುಲ್ಕ ಅಷ್ಟೇ ಇರಬೇಕು. ಕೆಳಗಿನ ಬಹುಪಾಲು ನಿಯಮಗಳ ಬುಡ ಇಲ್ಲಿದೆ.

ಏಜೆಂಟ್ ನೋಂದಣಿ

ಇದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಕಾಯ್ದೆಯ 9ನೇ ಕಲಂನಿಂದ ಬರುತ್ತದೆ. ಕರ್ನಾಟಕದಲ್ಲಿ 2017ರ ನಿಯಮಗಳ ಪ್ರಕಾರ ಫಾರ್ಮ್ ಜಿ ಅರ್ಜಿಯನ್ನು ಕರ್ನಾಟಕ ರೇರಾ ಪೋರ್ಟಲ್‌ನಲ್ಲಿ ಹಾಕಬೇಕು. ಶುಲ್ಕ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ನೋಂದಣಿ 5 ವರ್ಷಕ್ಕೆ ಸಿಂಧು. ಪ್ಯಾನ್, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್‌ಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡರೆ ಅರ್ಜಿ ಕೆಲಸ ಹಗುರ. ಕಾಯ್ದೆ ಪದವಿಯನ್ನು ಕೇಳುವುದೇ ಇಲ್ಲ. ಮಹಾರಾಷ್ಟ್ರದಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ, ಹಾಗಾಗಿ ಅಲ್ಲಿನ ನೋಟ್ಸ್ ಓದಿ ಇಲ್ಲಿಗೆ ಅನ್ವಯಿಸಲು ಹೋಗಬೇಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಯಾವ ಮಾರಾಟಕ್ಕೆ ಈ ನೋಂದಣಿ ಬೇಕು? 9ನೇ ಕಲಂ ಓದುವಾಗ ಮೂರು ಮಾತುಗಳನ್ನು ಒಟ್ಟಿಗೆ ಹಿಡಿಯಬೇಕು: ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್, ಅದು ಸರ್ಕಾರ ಗುರುತಿಸಿದ ಯೋಜನಾ ಪ್ರದೇಶದಲ್ಲಿರಬೇಕು, ಮಾರುತ್ತಿರುವವನು ಪ್ರವರ್ತಕ, ಅಂದರೆ ಬಿಲ್ಡರ್ ಅಥವಾ ಲೇಔಟ್ ಮಾಡಿದವನು. ಮೂರನೆಯದನ್ನು ಬಿಟ್ಟು ಓದಿದರೆ ಊರಿನ ಪ್ರತಿ ಬ್ರೋಕರ್‌ಗೂ ನೋಂದಣಿ ಬೇಕು ಅನ್ನಿಸುತ್ತದೆ. ಯಲಹಂಕದಲ್ಲಿ 12 ವರ್ಷ ಹಳೆಯ ಫ್ಲ್ಯಾಟನ್ನು ಅದರ ಮಾಲೀಕರು ಇನ್ನೊಬ್ಬರಿಗೆ ಮಾರುತ್ತಾರೆ, ನೀವು ನಡುವೆ ನಿಂತು ಕಮಿಷನ್ ತೆಗೆದುಕೊಳ್ಳುತ್ತೀರಿ ಎಂದುಕೊಳ್ಳಿ. ಇಲ್ಲಿ ಮಾರುವವರು ಪ್ರವರ್ತಕರಲ್ಲ, 9ನೇ ಕಲಂ ತಟ್ಟುವುದಿಲ್ಲ. ಬಾಡಿಗೆ, ಲೀಸ್‌ಗೂ ತಟ್ಟುವುದಿಲ್ಲ, ಅದು ಮಾರಾಟವೇ ಅಲ್ಲ. ಅದೇ ರಸ್ತೆಯಲ್ಲಿ ಏಳುತ್ತಿರುವ ಹೊಸ ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಕಡೆಯಿಂದ ಒಂದು ಫ್ಲ್ಯಾಟ್ ಮಾರಿಸಿಕೊಟ್ಟರೆ ಒಂದಕ್ಕೇ ಆದರೂ ನೋಂದಣಿ ಬೇಕು.

ಇಲ್ಲದೆ ಮಾರಿಸಿದರೆ ಏನಾಗುತ್ತದೆ? 62ನೇ ಕಲಂ ಪ್ರಕಾರ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿ ದಂಡ, ಅದು ಮಾರಿಸಿದ ಆಸ್ತಿಯ ಬೆಲೆಯ ಶೇ 5ರವರೆಗೆ ಏರಬಹುದು. 80 ಲಕ್ಷದ ಫ್ಲ್ಯಾಟ್ ಆದರೆ ಶೇ 5 ಅಂದರೆ 4 ಲಕ್ಷ, 40 ದಿನಕ್ಕೆ ಗರಿಷ್ಠ ಮಿತಿ ಮುಟ್ಟುತ್ತದೆ. ಕಮಿಷನ್ ಶೇ 2 ಎಂದು ಹಿಡಿದರೂ ಕೈಗೆ ಬಂದಿರುವುದು 1.6 ಲಕ್ಷ. 25,000 ಉಳಿಸಲು ಹೋಗುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ನೋಂದಣಿ ಸಿಕ್ಕ ಮೇಲೂ ನೋಂದಣಿಯಿಲ್ಲದ ಪ್ರಾಜೆಕ್ಟನ್ನು ಮಾರಿಸುವಂತಿಲ್ಲ. ಇದು 10ನೇ ಕಲಂ. ನೋಡುವುದು ಸುಲಭ: ಕರ್ನಾಟಕದಲ್ಲಿ ಪ್ರಾಜೆಕ್ಟಿನ ಸಂಖ್ಯೆ `PRM/KA/RERA/` ಎಂದು ಶುರುವಾಗಿ ನಡುವೆ `/PR/` ಇರುತ್ತದೆ, ಏಜೆಂಟಿನದರಲ್ಲಿ ಅದೇ ಜಾಗದಲ್ಲಿ `/AG/`. ಕರಪತ್ರದಲ್ಲಿ `ACK` ಎಂದು ಶುರುವಾಗುವ ಸಂಖ್ಯೆ ಕಂಡರೆ ಅದು ಅರ್ಜಿ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ ಮಾತ್ರ. "ರೇರಾಗೆ ಹಾಕಿದೀವಿ ಸಾರ್, ನಂಬರ್ ಬಂದಿದೆ" ಎಂಬ ಬಿಲ್ಡರ್ ಮಾತಿಗೆ ತಲೆಯಾಡಿಸಿ ಬುಕಿಂಗ್ ಮಾಡಿಸಿದರೆ ತಪ್ಪು ನಿಮ್ಮ ತಲೆಗೂ ಬರುತ್ತದೆ. ಪೋರ್ಟಲ್‌ನಲ್ಲಿ ಸಂಖ್ಯೆ ಹಾಕಿ ಪ್ರಾಜೆಕ್ಟಿನ ಪುಟ ತೆರೆದುಕೊಂಡರೆ ಮಾತ್ರ ಮುಂದಿನ ಮಾತು. ನೀವು ಮಾಡಿಸುವ ಪ್ರತಿ ಮಾರಾಟದಲ್ಲೂ ನಿಮ್ಮ ಸಂಖ್ಯೆ ನಮೂದಿಸಬೇಕು. ಲೆಕ್ಕಪುಸ್ತಕ ಇಡಬೇಕು.

ವ್ಯಾಲ್ಯೂಯರ್ ನೋಂದಣಿ

2013ರ ಕಂಪನಿ ಕಾಯ್ದೆಯ 247ನೇ ಕಲಂ ಮತ್ತು 2017ರ ನೋಂದಾಯಿತ ವ್ಯಾಲ್ಯೂಯರ್ ನಿಯಮಗಳು ಇದರ ಮೂಲ. ನೋಂದಣಿ ಕೊಡುವುದು ದಿವಾಳಿತನ ಮಂಡಳಿಯಾದ ಐಬಿಬಿಐ. ಆಸ್ತಿ ವರ್ಗ ಮೂರು, ನಮಗೆ ಬೇಕಾದದ್ದು ಭೂಮಿ ಮತ್ತು ಕಟ್ಟಡ. ಇದಕ್ಕೆ ಸಿವಿಲ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಲ್ಲಿ ಪದವಿ, ಆಮೇಲೆ 5 ವರ್ಷದ ಅನುಭವ ಬೇಕು. ನಿಗದಿತ ಸ್ನಾತಕೋತ್ತರ ಪದವಿ ಇದ್ದರೆ 3 ವರ್ಷ ಸಾಕು.

ಹೆಜ್ಜೆಗಳ ಕ್ರಮದಲ್ಲಿ ಗೊಂದಲ ಹೆಚ್ಚು. ವ್ಯಾಲ್ಯೂಯರ್‌ಗಳ ಸಂಘಟನೆ, ಅಂದರೆ ಆರ್‌ವಿಒ ಒಂದಕ್ಕೆ ಸದಸ್ಯರಾಗಿ ಅಲ್ಲಿ 50 ಗಂಟೆಯ ಕೋರ್ಸ್ ಮುಗಿಸಬೇಕು. ಆಮೇಲೆ ಐಬಿಬಿಐ ಪರೀಕ್ಷೆ. ಪಾಸಾದ ಮೇಲೆ ಆರ್‌ವಿಒ ಶಿಫಾರಸಿನೊಂದಿಗೆ ಫಾರ್ಮ್ ಎ, ಶುಲ್ಕ 5,000. ಪಾಸಾಗಲು ಶೇ 60 ಅಂಕ ಬೇಕು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಹೋಗುತ್ತದೆ.

"ಈಗಲೇ ಪರೀಕ್ಷೆ ಬರೆದಿಟ್ಟುಕೊಳ್ಳೋಣ, ಅನುಭವ ಆಮೇಲೆ ಕೂಡಿಸೋಣ" ಎಂಬ ಲೆಕ್ಕಾಚಾರ ನಡೆಯುವುದಿಲ್ಲ. 5ನೇ ನಿಯಮದ ಪ್ರಕಾರ ಪರೀಕ್ಷೆ ಇರುವುದೇ ಅರ್ಹತೆ ಮತ್ತು ಅನುಭವ ಎರಡೂ ಇದ್ದವರಿಗೆ. ಅನುಭವವನ್ನು ಎಣಿಸುವುದೂ ಪದವಿಯ ನಂತರ. 2013ರಲ್ಲಿ ಡಿಪ್ಲೊಮಾ ಮುಗಿಸಿ ಸೈಟ್ ಎಂಜಿನಿಯರ್ ಆಗಿ ದುಡಿದು, ನಡುವೆ ಬಿಇ ಓದಿ 2019ರ ಜುಲೈನಲ್ಲಿ ಪದವಿ ಪಡೆದವರ ಗಡಿಯಾರ 2019ರ ಜುಲೈನಿಂದ ಓಡುತ್ತದೆ, 5 ವರ್ಷ ತುಂಬುವುದು 2024ರ ಜುಲೈಗೆ. ಹಿಂದಿನ ದುಡಿಮೆ ಎಣಿಕೆಗೆ ಬರುವುದಿಲ್ಲ. ಅನುಭವ ಆ ವಿಷಯದಲ್ಲೇ ಇರಬೇಕು, ಹಾಗಾಗಿ ಫ್ಲ್ಯಾಟ್ ಮಾರಿಸಿದ ವರ್ಷಗಳನ್ನು ಸಿವಿಲ್ ಅನುಭವವೆಂದು ತೋರಿಸಲು ಹೋಗಬೇಡಿ. ಇನ್ನೊಂದು ತುದಿಯಲ್ಲೂ ಮಿತಿ ಇದೆ: ಪಾಸಾದ 3 ವರ್ಷದೊಳಗೆ ಅರ್ಜಿ ಹಾಕದಿದ್ದರೆ ಮತ್ತೆ ಪರೀಕ್ಷೆ.

ಈ ನೋಂದಣಿಯಿಂದ ಕಂಪನಿ ಕಾಯ್ದೆ ಮತ್ತು ದಿವಾಳಿತನ ಸಂಹಿತೆಯಡಿ ಬೇಕಾಗುವ ಮೌಲ್ಯಮಾಪನಕ್ಕೆ ಸಹಿ ಹಾಕಬಹುದು. ಬ್ಯಾಂಕಿನ ಗೃಹಸಾಲದ ಕೆಲಸ ಇದರೊಂದಿಗೇ ಬರುವುದಿಲ್ಲ, ಅದಕ್ಕೆ ಆಯಾ ಬ್ಯಾಂಕಿನ ಪ್ಯಾನಲ್‌ಗೆ ಸೇರಬೇಕು. ಆದಾಯ ತೆರಿಗೆಗೆ 2001ರ ಏಪ್ರಿಲ್ 1ರ ಬೆಲೆ ಹೇಳುವ ವರದಿಗಳಲ್ಲಿ ಕಾಣುವ "34ಎಬಿ" 1957ರ ಸಂಪತ್ತು ತೆರಿಗೆ ಕಾಯ್ದೆಯ ಕಲಂ, ಅದು ಇನ್ನೊಂದೇ ನೋಂದಣಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರಕ್ಕೂ ಐಬಿಬಿಐ ನೋಂದಣಿಗೂ ಸಂಬಂಧವಿಲ್ಲ.

ಎರಡೂ ಒಬ್ಬರ ಕೈಯಲ್ಲಿದ್ದರೆ

247ನೇ ಕಲಂ ಹೇಳುವುದು ಇದು: ನೇಮಕಕ್ಕೆ ಹಿಂದಿನ 3 ವರ್ಷದಲ್ಲಿ ಆಸ್ತಿಯಲ್ಲಿ ನೇರ ಅಥವಾ ಪರೋಕ್ಷ ಹಿತಾಸಕ್ತಿ ಇದ್ದರೆ ಅದರ ಮೌಲ್ಯಮಾಪನ ಮಾಡುವಂತಿಲ್ಲ. ಮೌಲ್ಯಮಾಪನ ಆದ ಮೇಲೆ 3 ವರ್ಷ ಅಂಥ ಹಿತಾಸಕ್ತಿ ಬರುವಂತೆಯೂ ಇಲ್ಲ. ಕಮಿಷನ್ ಆ ಆಸ್ತಿಯ ಮಾರಾಟಕ್ಕೆ ಕಟ್ಟಿದ ಹಣವಾದ್ದರಿಂದ ಅದನ್ನು ಪರೋಕ್ಷ ಹಿತಾಸಕ್ತಿ ಎಂದೇ ಹಿಡಿದು ನಡೆಯುವುದು ಕ್ಷೇಮ.

ಪೀಣ್ಯದ ಕಂಪನಿಯೊಂದಕ್ಕೆ 2024ರ ಮಾರ್ಚ್‌ನಲ್ಲಿ ಏಜೆಂಟ್ ಆಗಿ ಕಚೇರಿ ಮಹಡಿ ಕೊಡಿಸಿ ಕಮಿಷನ್ ಪಡೆದಿದ್ದೀರಿ. 2025ರ ಜುಲೈನಲ್ಲಿ ಅದೇ ಕಂಪನಿ "ಜಾಗ ನಿಮಗೆ ಗೊತ್ತೇ ಇದೆ, ವ್ಯಾಲ್ಯುಯೇಶನ್ ನೀವೇ ಮಾಡಿಕೊಡಿ" ಅನ್ನುತ್ತದೆ. ಹಿಂದಿನ 3 ವರ್ಷವೆಂದರೆ 2022ರ ಜುಲೈನಿಂದ, ಮಾರ್ಚ್ 2024 ಅದರೊಳಗೇ ಇದೆ. ಒಪ್ಪಿಕೊಳ್ಳುವಂತಿಲ್ಲ. ತಿರುಗಿಸಿ ನೋಡಿ: 2025ರ ಜೂನ್ 10ಕ್ಕೆ ನೀವು ಮೌಲ್ಯಮಾಪನ ಮಾಡಿದ ಗೋದಾಮನ್ನು ಮುಂದಿನ ವರ್ಷ ಮಾರಿಸಿ ಕಮಿಷನ್ ಪಡೆಯುವಂತಿಲ್ಲ, 2028ರ ಜೂನ್ 10 ದಾಟಬೇಕು. ಎರಡನೆಯದನ್ನೇ ಜನ ಮರೆಯುವುದು, ಏಕೆಂದರೆ ವರದಿ ಕೊಟ್ಟ ದಿನ ಎಲ್ಲ ಸರಿಯಾಗಿಯೇ ಇರುತ್ತದೆ. ಆಸ್ತಿವಾರು ಒಂದು ರಿಜಿಸ್ಟರ್ ಇಟ್ಟು ಕಮಿಷನ್ ದಿನಾಂಕ, ವರದಿ ದಿನಾಂಕ ಎರಡನ್ನೂ ಬರೆಯುತ್ತಾ ಬಂದರೆ ಕೆಲಸ ಒಪ್ಪುವ ಮುಂಚೆ ಅದೊಂದನ್ನು ನೋಡಿದರೆ ಸಾಕು.

ವ್ಯಾಲ್ಯೂಯರ್‌ಗಳ ನಡತೆ ಸಂಹಿತೆಯಲ್ಲಿ ವೃತ್ತಿಗೆ ಕುಂದು ತರುವ ವ್ಯಾಪಾರ ಮಾಡಬಾರದೆಂಬ ಮಾತಿದೆ, ಅದು ಕುಂದೋ ಅಲ್ಲವೋ ಎಂದು ತೀರ್ಮಾನಿಸುವವರು ಐಬಿಬಿಐ ಅಥವಾ ಆರ್‌ವಿಒ. ಹಾಗಾಗಿ ಏಜೆನ್ಸಿ ನಡೆಸುತ್ತಿರುವವರು ಸದಸ್ಯತ್ವಕ್ಕೆ ಮುಂಚೆ ಆರ್‌ವಿಒಗೆ ಲಿಖಿತವಾಗಿ ಕೇಳುವುದು ಒಳ್ಳೆಯದು. ಏಜೆನ್ಸಿ ಕಂಪನಿಯ ಹೆಸರಲ್ಲೇ ವ್ಯಾಲ್ಯೂಯರ್ ನೋಂದಣಿಗೆ ಫಾರ್ಮ್ ಬಿ ಹಾಕುವ ಯೋಚನೆಯನ್ನಂತೂ ಬಿಡಿ: ವೃತ್ತಿಪರ ಅಥವಾ ಹಣಕಾಸು ಸೇವೆ ಬಿಟ್ಟು ಬೇರೆ ಉದ್ದೇಶಕ್ಕೆ ಕಟ್ಟಿದ ಸಂಸ್ಥೆ 3ನೇ ನಿಯಮದಡಿ ಅರ್ಹವಲ್ಲ. ಅಂಗಸಂಸ್ಥೆಯಾಗಿ ಹೊಸ ಕಂಪನಿ ಮಾಡಿದರೂ ಆಗದು, ಇನ್ನೊಂದು ಕಂಪನಿಯ ಅಂಗಸಂಸ್ಥೆಗೂ ಅದೇ ನಿಯಮದಲ್ಲಿ ಬಾಗಿಲು ಮುಚ್ಚಿದೆ.