30ಕ್ಕೆ 22 ಅಂದ್ರೆ ಎಷ್ಟು?

ಮರೆವಿನ ಪರೀಕ್ಷೆ ಈಗ ಮೊಬೈಲಿನಲ್ಲೇ ಸಿಗುತ್ತದೆ. 30 ಅಂಕದ ಪ್ರಶ್ನೆಗಳು, ಕೆಳಗೆ "24ಕ್ಕಿಂತ ಕಡಿಮೆ ಬಂದರೆ ಎಚ್ಚರ" ಅನ್ನೋ ಒಂದು ಸಾಲು. ಬೆಂಗಳೂರಿಂದ ರಜೆಗೆ ಬಂದ ಮಗ ಅಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕೇಳುತ್ತಾನೆ. 22 ಬರುತ್ತದೆ. ಅವತ್ತು ರಾತ್ರಿ ಅವನಿಗೆ ನಿದ್ದೆಯಿಲ್ಲ. ಪಕ್ಕದ ಮನೆಯಲ್ಲಿ ಇದಕ್ಕೆ ಉಲ್ಟಾ. ಅಜ್ಜ ತೋಟದಿಂದ ಮನೆಗೆ ಬರೋ ದಾರಿಯನ್ನೇ ತಪ್ಪಿಸಿಕೊಂಡರೂ "ಅರವತ್ತಕ್ಕೆ ಅರಳು ಮರಳು" ಅಂತ ಸುಮ್ಮನಿದ್ದುಬಿಡುತ್ತಾರೆ. ಇಬ್ಬರೂ ಒಂದೇ ಪ್ರಶ್ನೆಯನ್ನು ಕೇಳೋದು ಬಿಟ್ಟಿದ್ದಾರೆ: ಯಾರ ಜೊತೆ ಹೋಲಿಸಿ ಕಡಿಮೆ?

ಉದಾಹರಣೆಗೆ ಹೊಸನಗರ ಕಡೆಯ ಒಬ್ಬ ಅಮ್ಮನನ್ನು ಇಟ್ಟುಕೊಳ್ಳೋಣ. ಅಮ್ಮನೂ ನಾನು ಕಲ್ಪಿಸಿಕೊಂಡವರು, ಅವರ ಅಂಕಗಳೂ ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿದ್ದು. ವಯಸ್ಸು 65. ಓದಿದ್ದು ನಾಲ್ಕನೇ ಕ್ಲಾಸು. ಅಡಿಕೆ ಸುಲಿಯೋದು, ಬೇಯಿಸೋದು, ಕೊಟ್ಟಿಗೆ, ಆಳುಗಳ ಸಂಬಳದ ಲೆಕ್ಕ, ಎಲ್ಲಾ ಅವರದ್ದೇ. ಒಂದು ವರ್ಷದಿಂದ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಅಕ್ಕಿ ಡಬ್ಬದಲ್ಲಿ ತಾವೇ ಇಟ್ಟ ದುಡ್ಡನ್ನು ಕೆಲಸದವಳು ತೆಗೆದಳು ಅಂದರು. ಮಗನ ಪರೀಕ್ಷೆಯಲ್ಲಿ 22.

ಕಳೆದುಹೋದ ಆ 8 ಅಂಕ ಎಲ್ಲಿ ಹೋಯಿತು ಅಂತ ಮೊದಲು ನೋಡಬೇಕು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದಾಗ 93 ಅಂದು ನಿಲ್ಲಿಸಿದರು, ಅಲ್ಲಿ 4 ಹೋಯಿತು. ಒಂದು ವಾಕ್ಯ ಬರೆಯಿರಿ ಅಂದಾಗ ಪೆನ್ನು ಕೆಳಗಿಟ್ಟರು, 1. ಒಂದರೊಳಗೊಂದು ಸೇರಿದ ಎರಡು ಪಂಚಕೋನ ಬಿಡಿಸೋಕೆ ಆಗಲಿಲ್ಲ, 1. ಇವತ್ತು ತಾರೀಕೆಷ್ಟು ಅಂದರೆ "ಪುನರ್ವಸು ಮಳೆ ನಡೀತಿದೆ, ನಾಡಿದ್ದು ಏಕಾದಶಿ" ಅಂದರು. ಅದು ಸರಿಯಾಗೇ ಇತ್ತು, ಆದರೆ ತಾರೀಕಲ್ಲವಲ್ಲ, 1. ಕೊನೆಗೆ, ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಮೂರು ಪದಗಳಲ್ಲಿ ಒಂದು ನೆನಪಾಗಲಿಲ್ಲ, 1. ಎಂಟರಲ್ಲಿ ನೆನಪಿಗೆ ನೇರವಾಗಿ ಸೇರಿದ್ದು ಒಂದೇ ಒಂದು. ಉಳಿದದ್ದರಲ್ಲಿ ಹೆಚ್ಚಿನದು ಶಾಲೆಯ ಪಾಲು.

ಈ ಪರೀಕ್ಷೆ ಹುಟ್ಟಿದ್ದು 1975ರಲ್ಲಿ, ಅಮೆರಿಕದಲ್ಲಿ. 24 ಅನ್ನೋ ಗೆರೆಯನ್ನು ಬಹಳ ಕಾಲ ಎಲ್ಲರಿಗೂ ಒಂದೇ ಅಂತ ಬಳಸಿದರು. 1993ರಲ್ಲಿ ಅಲ್ಲೇ 18,000ಕ್ಕೂ ಹೆಚ್ಚು ಜನರ ಅಂಕಗಳನ್ನು ಓದಿನ ಪ್ರಕಾರ ವಿಂಗಡಿಸಿ ಪ್ರಕಟಿಸಿದರು. ಒಂಬತ್ತು ವರ್ಷ ಅಥವಾ ಜಾಸ್ತಿ ಓದಿದವರಲ್ಲಿ ನಟ್ಟನಡುವಿನ ಅಂಕ 29. ಐದರಿಂದ ಎಂಟು ವರ್ಷ ಓದಿದವರಲ್ಲಿ 26. ನಾಲ್ಕು ವರ್ಷದ ಒಳಗೆ ಶಾಲೆ ಬಿಟ್ಟವರಲ್ಲಿ 22. ಅಂದರೆ ಅಷ್ಟೇ ಓದಿದ ಅಮೆರಿಕದವರ ನಡುವೆ ನಮ್ಮ ಅಮ್ಮನನ್ನು ನಿಲ್ಲಿಸಿದರೂ ಸರಿಯಾಗಿ ಮಧ್ಯದಲ್ಲಿ ಬರುತ್ತಾರೆ. ನಮ್ಮ ದೇಶದಲ್ಲೂ ಇದನ್ನು ಗಮನಿಸಿದವರಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬಾರದವರಿಗಾಗಿ ಸಿದ್ಧಪಡಿಸಿದ ಹಿಂದಿ ರೂಪ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರರಿಂದ ಏಳು ಕಳೆಯೋ ಬದಲು ಇಪ್ಪತ್ತರಿಂದ ಮೂರು ಕಳೆಯಬೇಕು. ವಾಕ್ಯ ಬರೆಯೋ ಬದಲು ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ ಅಂತಾರೆ.

ಹಾಗಾದರೆ ಅಮ್ಮ ಸರಿಯಾಗಿದ್ದಾರೆ ಅಂತಾನಾ? ಅದೂ ಅಲ್ಲ. 22 ಅನ್ನೋ ಮೊತ್ತ ಹೆದರಿಸೋಕೂ ಸಾಲದು, ಧೈರ್ಯ ಕೊಡೋಕೂ ಸಾಲದು. ಅದಕ್ಕೇ ಮನಶ್ಶಾಸ್ತ್ರಜ್ಞರು ಎರಡು ಮೂರು ಗಂಟೆ ಕೂರಿಸಿ ಬೇರೆ ಬೇರೆ ಪರೀಕ್ಷೆ ಮಾಡೋದು. ಒಂದರಲ್ಲಿ ಬರೋದು ಪದಗಳ ಎಣಿಕೆ, ಇನ್ನೊಂದರಲ್ಲಿ ಸೆಕೆಂಡು, ಮತ್ತೊಂದರಲ್ಲಿ ತಪ್ಪುಗಳ ಸಂಖ್ಯೆ. ಇವನ್ನೆಲ್ಲ ಒಂದೇ ಅಳತೆಗೆ ತರೋದು ಝಡ್ ಸ್ಕೋರ್.

ನಮ್ಮ ಕಡೆಯವರಿಗೆ ಇದು ಮಳೆಯಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಜುಲೈನಲ್ಲಿ ಒಂದು ದಿನ 100 ಮಿಲಿಮೀಟರ್ ಮಳೆ ಬಂತು ಅಂದರೆ ಆಗುಂಬೆಯಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಅದೇ 100 ಚಳ್ಳಕೆರೆಯಲ್ಲಿ ಬಿದ್ದರೆ ಮಾರನೇ ದಿನ ಪೇಪರಿನ ಮೊದಲ ಪುಟದಲ್ಲಿರುತ್ತದೆ, ಯಾಕಂದರೆ ಅಲ್ಲಿ ಇಡೀ ವರ್ಷ ಬೀಳೋದೇ 500ರ ಆಸುಪಾಸು. ಹಾಗಾಗಿ ಮೊದಲು ಆ ಊರಿನ ಸರಾಸರಿಯನ್ನು ಕಳೆಯಬೇಕು. ಅಷ್ಟೇ ಸಾಲದು. ದಿನದಿಂದ ದಿನಕ್ಕೆ ಅಲ್ಲಿ ಸಾಮಾನ್ಯವಾಗಿ ಎಷ್ಟು ಏರುಪೇರು ಆಗುತ್ತೆ ಅನ್ನೋದೂ ಗೊತ್ತಿರಬೇಕು. ಸರಾಸರಿಗಿಂತ 40 ಮಿಲಿಮೀಟರ್ ಜಾಸ್ತಿ ಅನ್ನೋದು ಆಗುಂಬೆಯ ಮಳೆಗಾಲದಲ್ಲಿ ದಿನನಿತ್ಯದ ಆಟ, ಚಳ್ಳಕೆರೆಯಲ್ಲಿ ಅಲ್ಲ. ಈ ಏರುಪೇರಿನ ಅಳತೆಗೆ ಸ್ಟ್ಯಾಂಡರ್ಡ್ ಡೀವಿಯೇಷನ್, ಚಿಕ್ಕದಾಗಿ ಎಸ್‌ಡಿ, ಅಂತಾರೆ. ಸಿಕ್ಕ ಅಂಕದಲ್ಲಿ ಸರಾಸರಿ ಕಳೆದು, ಉಳಿದದ್ದನ್ನು ಎಸ್‌ಡಿಯಿಂದ ಭಾಗಿಸಿದರೆ ಝಡ್ ಸ್ಕೋರ್. ಪರೀಕ್ಷೆಯಲ್ಲಿ ಊರಿನ ಜಾಗಕ್ಕೆ ಬರೋದು ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಗುಂಪು. ಆ ಗುಂಪಿನ ಅಂಕಪಟ್ಟಿಯನ್ನು ನಾರ್ಮ್ಸ್ ಅಂತಾರೆ. 2004ರಲ್ಲಿ ಬಂದ ನಿಮ್ಹಾನ್ಸ್ ಪರೀಕ್ಷಾ ಸರಣಿಯಲ್ಲಿ 16ರಿಂದ 65 ವರ್ಷದವರಿಗೆ ಇಂಥ ಪಟ್ಟಿಗಳಿವೆ. ವಯಸ್ಸು, ಗಂಡು ಹೆಣ್ಣು, ಮತ್ತು ಶಾಲೆಗೇ ಹೋಗದವರು, ಶಾಲೆ ಓದಿದವರು, ಕಾಲೇಜು ಓದಿದವರು ಅಂತ ಅವನ್ನು ಬೇರೆ ಬೇರೆ ಮಾಡಿದ್ದಾರೆ.

ಪರ್ಸೆಂಟೈಲ್ ಗೊತ್ತಿಲ್ಲದ ಪಿಯುಸಿ ಮನೆ ಈಗ ಇಲ್ಲ. ಆದರೂ ಒಂದು ಮಾತು: 40ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ ನಲವತ್ತು ಅಂಕ ಅಲ್ಲ. ಗುಂಪಿನ ನೂರು ಜನರಲ್ಲಿ ಸುಮಾರು 40 ಮಂದಿ ಈ ವ್ಯಕ್ತಿಗಿಂತ ಕೆಳಗಿದ್ದಾರೆ ಅಂತ. ಗುಂಪಿನ ಅಂಕಗಳು ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ ಹರಡಿದ್ದಾಗ, ಝಡ್ ಸೊನ್ನೆಯಾದರೆ 50ನೇ ಪರ್ಸೆಂಟೈಲ್, ಮೈನಸ್ 1 ಆದರೆ 16, ಮೈನಸ್ 1.5 ಆದರೆ 7, ಮೈನಸ್ 2 ಆದರೆ ಬರೀ 2.

ಈಗ ಅಮ್ಮನ ಅಂಕಗಳಿಗೆ ಬರೋಣ. ಒಂದು ನಿಮಿಷದಲ್ಲಿ 11 ಪ್ರಾಣಿಗಳ ಹೆಸರು ಹೇಳಿದರು. 15 ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿದಾಗ ಒಟ್ಟು 38 ಪದ ಹೇಳಿದರು. ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳೋದರಲ್ಲಿ 3 ಅಂಕಿಗಳವರೆಗೆ ಬಂದರು. ಅರ್ಧ ಗಂಟೆಯ ನಂತರ ಅದೇ ಪಟ್ಟಿಯಿಂದ ನೆನಪಾಗಿದ್ದು 3 ಪದ.

ಮೊದಲು ತಪ್ಪು ಪಟ್ಟಿಯಲ್ಲಿ, ಅಂದರೆ ಕಾಲೇಜು ಓದಿದವರ ಪಕ್ಕದಲ್ಲಿ ಇಟ್ಟು ನೋಡೋಣ. ಪ್ರಾಣಿಗಳಲ್ಲಿ ಅವರ ಸರಾಸರಿ 17, ಎಸ್‌ಡಿ 4 ಅಂತಿಟ್ಟುಕೊಳ್ಳಿ. 11ರಲ್ಲಿ 17 ಕಳೆದರೆ ಮೈನಸ್ 6, ನಾಲ್ಕರಿಂದ ಭಾಗಿಸಿದರೆ ಮೈನಸ್ 1.5. ಹೀಗೇ ಪದ ಕಲಿಕೆ ಮೈನಸ್ 2, ಅಂಕಿಗಳು ಮೈನಸ್ 1.5, ತಡವಾದ ನೆನಪು ಮೈನಸ್ 2.5 ಬಂತು ಅನ್ನೋಣ. ವರದಿಯಲ್ಲಿ "ಎಲ್ಲಾ ಸಾಮರ್ಥ್ಯಗಳಲ್ಲೂ ಕೊರತೆ" ಅಂತ ಬರೆದು ಮುಗಿಸಬಹುದು. ಅಂಥ ವರದಿಯಿಂದ ವೈದ್ಯರಿಗೆ ಏನೂ ತಿಳಿಯಲ್ಲ.

ಈಗ ಅವರದ್ದೇ ಗುಂಪಿನಲ್ಲಿ. ಪ್ರಾಣಿಗಳ ಸರಾಸರಿ 11.5, ಎಸ್‌ಡಿ 3, ಝಡ್ ಮೈನಸ್ 0.17, ಅಂದರೆ 43ನೇ ಪರ್ಸೆಂಟೈಲ್. ಪದ ಕಲಿಕೆಯ ಸರಾಸರಿ 40, ಎಸ್‌ಡಿ 8, ಹಾಗಾಗಿ 40ನೇ ಪರ್ಸೆಂಟೈಲ್. ಅಂಕಿಗಳು 33ರ ಹತ್ತಿರ. ಮೂರೂ ಸಾಮಾನ್ಯ. ತಡವಾದ ನೆನಪಿನ ಸರಾಸರಿ ಮಾತ್ರ 8, ಎಸ್‌ಡಿ 2.5. ಮೂರರಲ್ಲಿ ಎಂಟು ಕಳೆದರೆ ಮೈನಸ್ 5, ಝಡ್ ಮೈನಸ್ 2. ಎರಡನೇ ಪರ್ಸೆಂಟೈಲ್!

ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾಗೋದು ಇದೇ. ಓದಿಗೆ ತಕ್ಕಂತೆ ಸರಿಪಡಿಸೋದು ಅಂದರೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇಲ್ಲಿ ಆಗಿದ್ದೇ ಬೇರೆ. ಶಾಲೆಯ ಕೊರತೆಯಿಂದ ಕೆಳಗೆ ಕಂಡಿದ್ದೆಲ್ಲ ಮೇಲೆದ್ದಿತು, ಏಳದೇ ಉಳಿದ ಒಂದು ಜಾಗ ಆಗ ಎದ್ದು ಕಾಣಿಸಿತು. ಅಮ್ಮ ಪದಗಳನ್ನು ಕಲಿಯುತ್ತಾರೆ, ಆದರೆ ಅರ್ಧ ಗಂಟೆ ಇಟ್ಟುಕೊಳ್ಳೋಕೆ ಆಗಲ್ಲ. ಮನೆಯವರು ಹೇಳಿದ ಅಕ್ಕಿ ಡಬ್ಬದ ಕಥೆಯೂ ಅದೇ ಅಲ್ವಾ?

ಆದರೂ ಒಂದೇ ಅಂಕ ಹಿಡಿದು ತೀರ್ಪು ಕೊಡೋ ಹಾಗಿಲ್ಲ. ಮೈನಸ್ 1.5ಕ್ಕಿಂತ ಕೆಳಗೆ ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು ಏಳು ಜನ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆ ಮಾಡಿದರೆ, ಎಲ್ಲಾ ಚೆನ್ನಾಗಿರೋ ಮನುಷ್ಯನಿಗೂ ಎಲ್ಲೋ ಒಂದು ಕಡೆ ಅಷ್ಟು ಕಡಿಮೆ ಬರೋ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕರ್ಧ. ನಿಜವಾದ ಪರೀಕ್ಷೆಗಳು ಒಂದಕ್ಕೊಂದು ಹೊಂದಿಕೊಂಡಿರೋದರಿಂದ ಅಷ್ಟಾಗಲ್ಲ, ಆದರೂ ಕಡಿಮೆಯೇನಲ್ಲ. ಅದಕ್ಕೇ ಅದೇ ಸಾಮರ್ಥ್ಯವನ್ನು ಇನ್ನೊಂದು ದಾರಿಯಿಂದ ನೋಡಬೇಕು. ಅಮ್ಮನಿಗೆ ಒಂದು ಚಿಕ್ಕ ಕಥೆ ಹೇಳಿ ಅರ್ಧ ಗಂಟೆ ಬಿಟ್ಟು ಕೇಳಿದರು. ಅಲ್ಲೂ ನಾಲ್ಕನೇ ಪರ್ಸೆಂಟೈಲ್. ಆಮೇಲೆ ಬೇರೆ ಪದಗಳ ನಡುವೆ ಪಟ್ಟಿಯ ಪದಗಳನ್ನು ಬೆರೆಸಿ, ಇದಿತ್ತಾ ಇರಲಿಲ್ವಾ ಅಂತ ಕೇಳಿದರು. 15ರಲ್ಲಿ 8 ಗುರುತಿಸಿದರು, ಇಲ್ಲದ್ದನ್ನೂ ಇತ್ತು ಅಂದರು. ಖಿನ್ನತೆಯಿಂದ ಬರೋ ಮರೆವಿನಲ್ಲಿ ಸಾಮಾನ್ಯವಾಗಿ ಪದ ಬಾಯಿಗೆ ಬರದಿದ್ದರೂ ಕೇಳಿದಾಗ ಗುರುತು ಸಿಗುತ್ತದೆ. ಇಲ್ಲಿ ಗುರುತೂ ಸಿಗಲಿಲ್ಲ, ಅಂದರೆ ಒಳಗೆ ಉಳಿದೇ ಇಲ್ಲ. ಆಲ್‌ಝೈಮರ್ಸ್‌ನ ಶುರುವಿನಲ್ಲಿ ಕಾಣೋ ಮಾದರಿ ಇದು. ಆದರೂ ರೋಗದ ಹೆಸರು ಹೇಳೋ ಮೊದಲು ಥೈರಾಯ್ಡ್, ಬಿ12, ಮೆದುಳಿನ ಸ್ಕ್ಯಾನ್ ಎಲ್ಲಾ ಆಗಬೇಕು.

ಈ ಗುರುತಿಸೋ ಪರೀಕ್ಷೆಗೆ ಝಡ್ ಸ್ಕೋರ್ ಹಾಕಬಾರದು. ಆರೋಗ್ಯವಂತರೆಲ್ಲ ಹೆಚ್ಚುಕಡಿಮೆ 14, 15 ತೆಗೆಯುತ್ತಾರೆ. ಎಲ್ಲರೂ ಮೇಲಿನ ಗೋಡೆಗೆ ಒತ್ತಿಕೊಂಡಿರುವಾಗ ಎಸ್‌ಡಿ ತೀರಾ ಚಿಕ್ಕದಾಗಿ, ಎರಡು ತಪ್ಪಿಗೇ ಮೈನಸ್ 3 ಅಂತ ಬಂದುಬಿಡುತ್ತದೆ. ದಿನದ ಮಳೆಯ ಲೆಕ್ಕವೂ ನಿಜವಾಗಿ ಇಂಥದ್ದೇ, ಒಂದು ಕಡೆಗೆ ವಾಲಿರುತ್ತದೆ. ಇಂಥ ಕಡೆ ಗುಂಪಿನಲ್ಲಿ ಎಷ್ಟು ಜನ ಕೆಳಗಿದ್ದಾರೆ ಅಂತ ಎಣಿಸಿ ನೇರವಾಗಿ ಪರ್ಸೆಂಟೈಲ್ ಓದಬೇಕು.

ಓದಿನ ವರ್ಷಗಳೂ ಕುರುಡಾಗಿ ನಂಬೋ ಲೆಕ್ಕವಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟು ಮತ್ತೆ ಪುಸ್ತಕ ಮುಟ್ಟದವರೂ, ನಾಲ್ಕಕ್ಕೇ ಬಿಟ್ಟು ನಲವತ್ತು ವರ್ಷ ಅಡಿಕೆ ಮಂಡಿಯ ಲೆಕ್ಕ ಬರೆದವರೂ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಬೀಳುತ್ತಾರೆ. ಮಂಡಿಯವರಿಗೆ 16ನೇ ಪರ್ಸೆಂಟೈಲ್ ಬಂದರೆ ನಾನಾದರೂ ಅದನ್ನು ಸಾಮಾನ್ಯ ಅಂತ ಬಿಡಲ್ಲ.

ವಯಸ್ಸಿನ ತಿದ್ದುಪಡಿಯಲ್ಲಿ ಇನ್ನೊಂದು ಗುಂಡಿ ಇದೆ. ಮುಂದಿನ ವರ್ಷ ಅಮ್ಮ ಮತ್ತೆ ಪರೀಕ್ಷೆಗೆ ಬರುತ್ತಾರೆ. ಅಷ್ಟರಲ್ಲಿ 66 ತುಂಬಿರುತ್ತದೆ, ಹಾಗಾಗಿ ಹಿರಿಯರಿಗೆ ಅಂತಲೇ ಇರೋ ಬೇರೆ ಪಟ್ಟಿ ತೆಗೆಯಬೇಕು. ಅಲ್ಲಿ ತಡವಾದ ನೆನಪಿನ ಸರಾಸರಿ 7 ಅಂತಿಟ್ಟುಕೊಳ್ಳಿ, ಎಸ್‌ಡಿ ಅದೇ 2.5. ಅಮ್ಮ ಮತ್ತೆ ಅದೇ 3 ಪದ ಹೇಳಿದರೆ ಝಡ್ ಮೈನಸ್ 1.6 ಆಗುತ್ತದೆ, ಪರ್ಸೆಂಟೈಲ್ 2ರಿಂದ 5ಕ್ಕೆ ಏರುತ್ತದೆ. ಕಾಗದದ ಮೇಲೆ ಅಮ್ಮ ಸುಧಾರಿಸಿದ್ದಾರೆ, ಆದರೆ ಆಗಿದ್ದು ಹುಟ್ಟುಹಬ್ಬ ಮಾತ್ರ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ 3 ಪದಕ್ಕೆ 3 ಪದವನ್ನೇ ಇಟ್ಟು ನೋಡಬೇಕು, ಪಟ್ಟಿಯಲ್ಲಿ ಹೊಸ ಪದಗಳಿರಬೇಕು, ಮತ್ತು ಹಳೇ ವರದಿ ಬರೆದವರು ಬರೀ ಪರ್ಸೆಂಟೈಲ್ ಅಲ್ಲದೆ ಮೂಲ ಅಂಕವನ್ನೂ, ಯಾವ ಪಟ್ಟಿ ಬಳಸಿದೆ ಅನ್ನೋದನ್ನೂ ಬರೆದಿಟ್ಟಿರಬೇಕು.